ಕೈಯಲ್ಲೇ ಮಾಡುವ ಅಡ್ವೆಂಟ್ ಕ್ಯಾಲೆಂಡರ್: ಬಟ್ಟೆಯ ಜೇಬೋ, ಕಾಗದದ ಚೀಲವೋ, ಬೆಂಕಿಪೊಟ್ಟಣವೋ?

ಜರ್ಮನಿಯಲ್ಲಿ ಚಿಕ್ಕ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ನವೆಂಬರ್ ಬಂತೆಂದರೆ ಒಂದು ಮಾತು ಶುರುವಾಗುತ್ತದೆ. ಈ ವರ್ಷ ಅಂಗಡಿಯ ಚಾಕಲೇಟ್ ಕ್ಯಾಲೆಂಡರ್ ಬೇಡ, ನಾವೇ ಮಾಡೋಣ. ಆಮೇಲೆ ಯಾರೋ ಕಳಿಸಿದ ಚಂದದ ಫೋಟೊ ನೋಡಿ, ಅಂಥದ್ದನ್ನೇ ಮಾಡಲು ಕೂರುತ್ತೇವೆ. ಅರ್ಧ ಮಾಡಿದ ಮೇಲೆ ತಂದ ಸಾಮಾನು ಅದರೊಳಗೆ ಹಿಡಿಸುವುದಿಲ್ಲ. ನನ್ನ ಪ್ರಕಾರ ಇಲ್ಲಿ ಆಯ್ಕೆ ತಿರುಗುಮುರುಗಾಗಿದೆ. ಮೊದಲು ಒಳಗೆ ಏನು ಹಾಕುತ್ತೇವೆ, ಮಗುವಿಗೆ ಎಷ್ಟು ವಯಸ್ಸು ಎಂದು ನೋಡಬೇಕು. ಜೇಬು ಹೇಗಿರಬೇಕು ಅನ್ನುವುದು ಆಮೇಲಿನ ಪ್ರಶ್ನೆ.

ಈ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ ಅಡ್ವೆಂಟ್. ಚರ್ಚಿನ ಲೆಕ್ಕದಲ್ಲಿ ಅದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಯಾವ ಭಾನುವಾರ ಬೇಕಾದರೂ ಶುರುವಾಗಬಹುದು. ಆದರೆ ಮಕ್ಕಳ ಕ್ಯಾಲೆಂಡರ್ ಆ ತಲೆನೋವು ಇಟ್ಟುಕೊಂಡಿಲ್ಲ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಜೇಬು ತೆರೆದು ಒಳಗಿನ ಪುಟ್ಟ ಉಡುಗೊರೆ ತೆಗೆಯುವುದು, ಅಷ್ಟೆ. ಜರ್ಮನಿಯಲ್ಲಿ ಉಡುಗೊರೆ ಕೊಡುವುದು 24ರ ಸಂಜೆ, ಹಾಗಾಗಿ ಎಣಿಕೆ ಅಲ್ಲಿಗೇ ಮುಗಿಯುತ್ತದೆ. 19ನೇ ಶತಮಾನದಲ್ಲಿ ಅಲ್ಲಿನ ಲೂಥರನ್ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದ 24 ಗೀರು ಎಳೆದು ದಿನಕ್ಕೊಂದು ಅಳಿಸುತ್ತಿದ್ದರು. ಕೆಲವರು ಗೋದಲಿಯಲ್ಲಿ ದಿನಕ್ಕೊಂದು ಹುಲ್ಲಿನ ಕಡ್ಡಿ ಇಡುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಿನ ಕ್ಯಾಲೆಂಡರ್‌ಗಳನ್ನು ತಂದ ಗೆರ್ಹಾರ್ಡ್ ಲಾಂಗ್ ಬಗ್ಗೆ ಒಂದು ಕಥೆ ಇದೆ. ಅವನು ಚಿಕ್ಕವನಿದ್ದಾಗ ಅವನಮ್ಮ ರಟ್ಟಿನ ಮೇಲೆ 24 ಪುಟ್ಟ ಬಿಸ್ಕತ್ತು ಹೊಲಿದು ಕೊಡುತ್ತಿದ್ದಳಂತೆ. ಅಂದರೆ ಕೈಯಲ್ಲಿ ಮಾಡಿದ್ದೇ ಮೊದಲು, ಅಂಗಡಿಯದು ಆಮೇಲೆ ಬಂದದ್ದು.

ಮೊದಲು ಮೇಜಿನ ಮೇಲೆ ಹರಡಿ

ಹಾಕಬೇಕೆಂದಿರುವ ವಸ್ತುಗಳನ್ನೆಲ್ಲ ಒಂದು ಸಲ ಮೇಜಿನ ಮೇಲೆ ಹರಡಿ ನೋಡಿ. ಅವು ತಾವಾಗಿಯೇ ಮೂರು ಗುಂಪಾಗುತ್ತವೆ. ಚಾಕಲೇಟ್ ನಾಣ್ಯ, ರಬ್ಬರ್, ಮಣಿ, ಚೀಟಿ ಇವು ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಸಣ್ಣವು. ಕ್ರೇಯಾನ್, ಪುಟ್ಟ ಕಾರು, ಗೋದಲಿಯ ಗೊಂಬೆ, ಅಕ್ರೋಟು ಮಧ್ಯಮ ಗಾತ್ರದವು. ಕಿತ್ತಳೆ, ಕಾಲುಚೀಲ, ತೆಳ್ಳನೆ ಚಿತ್ರಪುಸ್ತಕ ದೊಡ್ಡವು. ದೊಡ್ಡ ಗುಂಪಿನಲ್ಲಿ ನಾಲ್ಕೈದು ಇದ್ದರೂ ಸಾಕು, ಬೆಂಕಿಪೊಟ್ಟಣದ ಮಾತು ಬಿಟ್ಟುಬಿಡಿ.

ಕ್ಯಾಲೆಂಡರ್ ಬೇಗ ತುಂಬುವ ಉಪಾಯ ಅಂದರೆ ಒಂದೇ ದೊಡ್ಡ ವಸ್ತುವನ್ನು ಬಿಡಿಬಿಡಿಯಾಗಿ ಹಂಚುವುದು. ಗೋದಲಿಯ ಸೆಟ್ ಇದಕ್ಕೆ ತುಂಬಾ ಚೆನ್ನಾಗಿ ಹೊಂದುತ್ತದೆ. ಕುರಿ, ಕುರುಬ, ಕತ್ತೆ, ಎತ್ತು ಒಂದೊಂದಾಗಿ ಬಂದು, 24ಕ್ಕೆ ಮಗು ಯೇಸು ಬರುತ್ತಾನೆ. ನಡುವಿನ ದಿನಗಳಿಗೆ ಬೇರೆ ಏನಾದರೂ. ಆದರೆ 24 ತುಂಡಿನ ಚಿತ್ರದ ಪಜಲ್ ಅನ್ನು ದಿನಕ್ಕೊಂದು ತುಂಡಿನಂತೆ ಕೊಡುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಹತ್ತನೇ ದಿನದ ಹೊತ್ತಿಗೆ ಮಗುವಿಗೆ ಬೇಜಾರು. ಅದೂ ಅಲ್ಲದೆ ಒಂದು ತುಂಡು ಕಳೆದರೂ ಕಥೆ ಮುಗಿಯಿತು.

ಮೂರು ವರ್ಷಕ್ಕಿಂತ ಚಿಕ್ಕ ಮಗು ಮನೆಯಲ್ಲಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಟಾಯ್ಲೆಟ್ ರೋಲಿನ ಒಳಗಿನ ರಟ್ಟಿನ ಕೊಳವೆ ತೆಗೆದುಕೊಳ್ಳಿ. ಅದರೊಳಗೆ ಸಲೀಸಾಗಿ ಜಾರಿ ಹೋಗುವ ವಸ್ತು ಆ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಕ್ಕನ ಕ್ಯಾಲೆಂಡರ್‌ನ ಮಣಿ ತಮ್ಮನ ಬಾಯಿಗೆ ಹೋಗುವುದು ಎಷ್ಟು ಹೊತ್ತಿನ ಕೆಲಸ? ಇಂಥ ಮನೆಗೆ ಬೆಂಕಿಪೊಟ್ಟಣ ಬೇಡವೇ ಬೇಡ. ಅದರಲ್ಲಿ ಹಿಡಿಸುವುದೆಲ್ಲ ಆ ಕೊಳವೆಯಲ್ಲೂ ಜಾರುತ್ತದೆ.

ಬಟ್ಟೆಯ ಜೇಬು: ಒಂದು ಸಲದ ಕಷ್ಟ

ಗೋಡೆಗೆ ತೂಗುಹಾಕುವ, 24 ಜೇಬಿನ ಬಟ್ಟೆ. ಮೂರರಲ್ಲಿ ಹೆಚ್ಚು ಕೆಲಸ ಬೇಡುವುದು ಇದೇ. ಆದರೆ ಒಮ್ಮೆ ಹೊಲಿದರೆ ಮಕ್ಕಳು ದೊಡ್ಡವರಾಗುವವರೆಗೂ ಬರುತ್ತದೆ. ಪ್ರತಿ ವರ್ಷ ತುಂಬಿದರೆ ಆಯಿತು. ಮಗುವಿಗೆ ಎರಡು ಮೂರು ವರ್ಷ ಇರುವಾಗಲೇ ಮಾಡಿದರೆ ಲಾಭ ಜಾಸ್ತಿ. ಹತ್ತು ವರ್ಷದ ಮಗುವಿಗೆ ಈಗ ಹೊಲಿಯಲು ಕೂರುವುದು ನನ್ನ ಮಟ್ಟಿಗೆ ದಂಡ.

ಇದರಲ್ಲಿ ಹೆಚ್ಚಿನವರು ಎಡವುವುದು ಜೇಬಿನ ಅಗಲದಲ್ಲಿ. ಮುಂದಿನ ಬಟ್ಟೆಯನ್ನು ಹಿಂದಿನ ಬಟ್ಟೆಯಷ್ಟೇ ಅಗಲಕ್ಕೆ ಹೊಲಿದರೆ ಅದು ಲಕೋಟೆಯಂತೆ ಚಪ್ಪಟೆಯಾಗಿರುತ್ತದೆ. ಚೀಟಿ ಹೋಗುತ್ತದೆ, ಕಿತ್ತಳೆ ಹೋಗುವುದಿಲ್ಲ. ಬಲವಂತವಾಗಿ ತುರುಕಿದರೆ ಹಿಂದಿನ ಬಟ್ಟೆ ಸುಕ್ಕಾಗಿ ಇಡೀ ಕ್ಯಾಲೆಂಡರ್ ಮುದುಡಿಕೊಳ್ಳುತ್ತದೆ. ಅದಕ್ಕೆ ಜೇಬಿಗೆ ನೆರಿಗೆ ಬೇಕು. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಅಡ್ಡಕ್ಕೆ ನಾಲ್ಕು, ಮೇಲಿಂದ ಕೆಳಗೆ ಆರು ಸಾಲು, ಒಟ್ಟು 24. ಒಂದೊಂದು ಜೇಬು ಕಣ್ಣಿಗೆ 12 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರ. ಆದರೆ ಮುಂದಿನ ಬಟ್ಟೆಗೆ ಜೇಬಿಗೆ 16 ಸೆಂ.ಮೀ. ಹಿಡಿಯಬೇಕು. ಹೆಚ್ಚಿನ 4 ಸೆಂ.ಮೀ. ಎರಡೂ ಬದಿಯ ನೆರಿಗೆಗೆ ಹೋಗುತ್ತದೆ. 24 ಜೇಬನ್ನು ಬಿಡಿಬಿಡಿಯಾಗಿ ಕತ್ತರಿಸಬೇಡಿ. ಸಾಲಿಗೊಂದು ಉದ್ದ ಪಟ್ಟಿ ಸಾಕು. ನಾಲ್ಕು ಜೇಬಿಗೆ 64, ಎರಡು ತುದಿಯ ಮಡಿಕೆಗೆ 2, ಒಟ್ಟು 66 ಸೆಂ.ಮೀ. ಉದ್ದ. ಅಗಲ 14: ಅದರಲ್ಲಿ ಮೇಲಿನ ಅಂಚು ಮಡಿಸಲು 2, ಕೆಳಗೆ 1. ಇಂಥ ಆರು ಪಟ್ಟಿ. 110 ಸೆಂ.ಮೀ. ಪನ್ನದ ಕಾಟನ್ ಬಟ್ಟೆಯಾದರೆ 70 ಸೆಂ.ಮೀ. ತಂದರೆ ಆರೂ ಪಟ್ಟಿ ಅದರಲ್ಲೇ ಬರುತ್ತವೆ. ಹಿಂದಿನ ಬಟ್ಟೆ 56 ಅಗಲ, 104 ಉದ್ದ. ಅದು ಮಾತ್ರ ದಪ್ಪಗಿರಲಿ, ಕ್ಯಾನ್ವಾಸ್ ಅಥವಾ ಪರದೆಯ ಬಟ್ಟೆ. ತೆಳು ಕಾಟನ್ ಭಾರಕ್ಕೆ ಜಗ್ಗುತ್ತದೆ.

ಈಗ ಹೊಲಿಗೆ. ಪಟ್ಟಿಯ ಮೇಲಂಚನ್ನು ಮೊದಲು ಹೊಲಿದುಬಿಡಿ. ಅಂಕಿಗಳನ್ನೂ ಆಗಲೇ ಪಟ್ಟಿಗೆ ಹೊಲಿಯಬೇಕು ಅಥವಾ ಅಂಟಿಸಬೇಕು. ಜೇಬು ಕೂರಿಸಿದ ಮೇಲೆ ಅಂಕಿ ಹೊಲಿಯಲು ಹೋದರೆ ಸೂಜಿ ಹಿಂದಿನ ಬಟ್ಟೆಗೂ ಇಳಿದು ಜೇಬಿನ ಬಾಯಿ ಮುಚ್ಚಿಹೋಗುತ್ತದೆ. ನಂತರ ಹಿಂದಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ 12 ಸೆಂ.ಮೀ.ಗೊಂದು ಗೆರೆ, ಪಟ್ಟಿಯ ಮೇಲೆ 16 ಸೆಂ.ಮೀ.ಗೊಂದು ಗೆರೆ ಎಳೆಯಿರಿ. ಗೆರೆಗೆ ಗೆರೆ ಕೂಡಿಸಿ ಗುಂಡುಪಿನ್ ಚುಚ್ಚಿ, ಉದ್ದದ ಹೊಲಿಗೆಗಳನ್ನು ಮೊದಲು ಹಾಕಿ. ಈಗ ಪ್ರತಿ ಜೇಬೂ ಸಡಿಲವಾಗಿ ಉಬ್ಬಿಕೊಂಡಿರುತ್ತದೆ. ಆ ಸಡಿಲನ್ನು ಎರಡು ಬದಿಗೂ ಒಂದೊಂದು ನೆರಿಗೆಯಾಗಿ ಒತ್ತಿ, ಕೆಳಗಿನ ಅಂಚನ್ನು ಒಂದೇ ಹೊಲಿಗೆಯಲ್ಲಿ ಮುಗಿಸಿ. ಒಂದೊಂದು ನೆರಿಗೆಯ ಆಳ 1 ಸೆಂ.ಮೀ., ಅದಕ್ಕೆ 2 ಸೆಂ.ಮೀ. ಬಟ್ಟೆ ಹೋಗುತ್ತದೆ. ಉದ್ದದ ಹೊಲಿಗೆ ಜೇಬಿನ ಬಾಯಿ ಮುಟ್ಟುವ ಜಾಗದಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಓಡಿಸಿ. ಮಗು ಕೈಹಾಕಿ ಎಳೆಯುವಾಗ ಬಿಚ್ಚಿಕೊಳ್ಳುವುದು ಅಲ್ಲೇ.

ಸಾಲಿನಿಂದ ಸಾಲಿಗೆ 4 ಸೆಂ.ಮೀ. ಜಾಗ ಬಿಡಿ. ಆರು ಸಾಲಿಗೆ ಒಟ್ಟು 86 ಆಯಿತು. ಉಳಿದದ್ದು ಮೇಲೆ ಕೆಳಗೆ ಮಡಿಸಿ ಕೋಲು ತೂರಿಸಲು. ಕೆಳಗಡೆಯ ಕೋಲನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ. ಬಟ್ಟೆ ಸುರುಳಿಕೊಳ್ಳದೆ ನೇರ ನಿಲ್ಲುವುದೇ ಅದರಿಂದ.

ತುಂಬುವಾಗ ಭಾರದ್ದು ಕೆಳಗಿನ ಸಾಲಿಗೆ ಹೋಗಲಿ. ಮೇಲಿನ ಸಾಲಿನಲ್ಲಿ ಎರಡು ಕಿತ್ತಳೆ ಇಟ್ಟರೆ ಬಟ್ಟೆ ಮುಂದಕ್ಕೆ ಜೋತುಬೀಳುತ್ತದೆ. ಇದಕ್ಕಾಗಿ ಅಂಕಿಗಳನ್ನು ಕ್ರಮವಾಗಿ ಹಾಕದೆ ಅಲ್ಲೊಂದು ಇಲ್ಲೊಂದು ಹಾಕುವುದು ಒಳ್ಳೆಯದು. ಯಾವ ದಿನದ್ದು ಎಲ್ಲಿರಬೇಕೆಂದು ನೀವೇ ಆರಿಸಬಹುದು, ಮಗುವಿಗೂ ದಿನಾ ಹುಡುಕುವ ಆಟ ಸಿಗುತ್ತದೆ. ಜೇಬಿಗೆ 40 ಗ್ರಾಂ ಎಂದರೂ ಸರಕೇ ಹತ್ತಿರ ಹತ್ತಿರ ಒಂದು ಕಿಲೋ. ಬಟ್ಟೆ, ಕೋಲು ಬೇರೆ. ಗೋಡೆಗೆ ಅಂಟಿಸುವ ಒಂಟಿ ಕೊಕ್ಕೆಯನ್ನು ನಂಬಬೇಡಿ. ಎರಡು ಮೊಳೆ ಹೊಡೆಯಿರಿ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ ಎಂದರೆ ಕಪಾಟಿನ ಬಾಗಿಲ ಮೇಲಿಂದ ಇಳಿಬಿಡಬಹುದು.

ಬಟ್ಟೆಯ ದೊಡ್ಡ ಕೊರತೆ ಒಂದೇ. ಜೇಬಿನ ಬಾಯಿ ತೆರೆದೇ ಇರುತ್ತದೆ. ನಾಲ್ಕು ವರ್ಷದ ಮಗು ಇಣುಕದೆ ಇರಲಿ ಎಂದುಕೊಳ್ಳುವುದು ನಮ್ಮ ಆಸೆ, ಅಷ್ಟೆ. ಎರಡು ದಾರಿ ಇವೆ. ಎಲ್ಲವನ್ನೂ ಸಾದಾ ಕಾಗದದಲ್ಲಿ ಸುತ್ತಿ ಇಡುವುದು. ಇಲ್ಲವೇ ಮಗು ಮಲಗಿದ ಮೇಲೆ ಮರುದಿನದ್ದನ್ನು ಮಾತ್ರ ಇಡುವುದು. ಎರಡನೆಯದು ಕೇಳಲು ಸುಲಭ. ರಾತ್ರಿ ಹತ್ತೂವರೆಗೆ, ಕಣ್ಣು ಮುಚ್ಚಿಕೊಂಡು ಬರುವಾಗ, ನೆನಪಿರಬೇಕಲ್ಲ.

ಕಾಗದದ ಚೀಲ: ಒಂದು ಸಂಜೆಯ ಕೆಲಸ

ಹೊಲಿಗೆ ಬಾರದವರಿಗೆ, ಅಥವಾ ನವೆಂಬರ್ 29ರ ರಾತ್ರಿ ನೆನಪಾದವರಿಗೆ ಇದೇ ಗತಿ. ಅಡಿ ಚೌಕವಾಗಿರುವ 24 ಕಂದು ಕಾಗದದ ಚೀಲ, ಒಂದು ಹುರಿ, ಪುಟ್ಟ ಮರದ ಕ್ಲಿಪ್ಪು. ಬಾಯಿ ಎರಡು ಮಡಿಕೆ ಮಡಚಿ, ಅಂಕಿ ಬರೆದು, ಹುರಿಗೆ ಕ್ಲಿಪ್ ಹಾಕಿದರೆ ಮುಗಿಯಿತು. ಇಣುಕುವ ಸಮಸ್ಯೆಯೂ ಇಲ್ಲ. ಮಡಚಿದ ಬಾಯಿಗೆ ಒಂದು ಸ್ಟಿಕ್ಕರ್ ಅಂಟಿಸಿದರೆ ಯಾರು ಮುಟ್ಟಿದ್ದಾರೆ ಎಂದೂ ಗೊತ್ತಾಗುತ್ತದೆ.

ತೊಂದರೆ ಬರುವುದು ಹುರಿಯಲ್ಲಿ. 8 ಸೆಂ.ಮೀ. ಅಗಲದ ಚೀಲಗಳನ್ನು 3 ಸೆಂ.ಮೀ. ಅಂತರದಲ್ಲಿ ಒಂದೇ ಹುರಿಗೆ ಹಾಕಿದರೆ ಸುಮಾರು 2.6 ಮೀಟರ್ ಬೇಕು. ಅಷ್ಟುದ್ದದ ಹುರಿ ನಡುವೆ ತಗ್ಗಿ, ಚೀಲಗಳೆಲ್ಲ ಜಾರಿ ಮಧ್ಯಕ್ಕೆ ಬಂದು ಗುಂಪಾಗುತ್ತವೆ. ಎಂಟೆಂಟರಂತೆ ಮೂರು ಸಾಲು ಮಾಡಿ, ಸಾಲಿಗೆ 90 ಸೆಂ.ಮೀ. ಸಾಕು. ಪ್ರತಿ ಕ್ಲಿಪ್ಪಿನ ಜಾಗದಲ್ಲಿ ಹುರಿಗೆ ಒಂದು ಗಂಟು ಹಾಕಿ, ಜಾರುವುದಿಲ್ಲ. ಪುಟ್ಟ ಕ್ಲಿಪ್ಪಿನ ಹಿಡಿತ ಕಡಿಮೆ. ಚೀಲ ತುಂಬಿಸಿ, ನೇತುಹಾಕಿ, ಹುರಿಯನ್ನು ಸ್ವಲ್ಪ ಅಲುಗಾಡಿಸಿ ನೋಡಿ. ಬಿದ್ದರೆ ಬಟ್ಟೆ ಒಣಗಿಸುವ ದೊಡ್ಡ ಕ್ಲಿಪ್ಪೇ ಬೇಕು. ಕಿತ್ತಳೆಗಂತೂ ಅದೇ.

ಚೀಲ ಹರಿದು ತೆಗೆಯುವುದರಲ್ಲೇ ಮಕ್ಕಳಿಗೆ ಅರ್ಧ ಖುಷಿ, ಹಾಗಾಗಿ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಆಸೆ ಬೇಡ. ದಿನಕ್ಕೊಂದು ಚೀಲ ಕಡಿಮೆಯಾಗುತ್ತಾ ಹೋಗುವುದು ಕಾಣುತ್ತದೆ. ಅಂಕಿ ಓದಲು ಬಾರದ ಮಗುವಿಗೆ ಎಷ್ಟು ದಿನ ಉಳಿಯಿತು ಎಂದು ತಿಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬಟ್ಟೆಯ ಕ್ಯಾಲೆಂಡರ್‌ನಲ್ಲಿ ಖಾಲಿ ಜೇಬೂ ತುಂಬಿದ ಜೇಬಿನ ಹಾಗೇ ಕಾಣುತ್ತದೆ.

ಬೆಂಕಿಪೊಟ್ಟಣ

ಅಡ್ಡಕ್ಕೆ ನಾಲ್ಕು, ಎತ್ತರಕ್ಕೆ ಆರು ಪೊಟ್ಟಣ ಅಂಟಿಸಿದರೆ ಪುಸ್ತಕದ ಕಪಾಟಿನಲ್ಲಿ ಕೂರುವಂಥ ಪುಟ್ಟ ಡ್ರಾಯರ್ ಪೆಟ್ಟಿಗೆ. ಗೋಡೆ ಬೇಡ, ಮೊಳೆ ಬೇಡ. ಒಳಗೆ ಹಿಡಿಸುವುದು ಒಂದು ಚಾಕಲೇಟ್ ನಾಣ್ಯ, ಒಂದು ಚೀಟಿ. ಆದ್ದರಿಂದ ಇದು ಓದಲು ಬರುವ ಮಕ್ಕಳಿಗೆ, ಚೀಟಿಯೇ ಮುಖ್ಯವಾದಾಗ, ಚೆನ್ನ. ಅಂಟಿಸುವಾಗ ಡ್ರಾಯರ್‌ಗಳನ್ನು ಹೊರಗೆ ತೆಗೆಯಬೇಡಿ, ಹೊರಕವಚ ಅಮುಕಿ ಸೊಟ್ಟಗಾಗುತ್ತದೆ. ಗೋಂದು ತೆಳ್ಳಗೆ ಸವರಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಬಿಡಿ. ಗಂಟೆಗೊಮ್ಮೆ ಡ್ರಾಯರ್ ಎಳೆದು ನೋಡುತ್ತಿದ್ದರೆ ಒಳಗೆ ಅಂಟಿಕೊಂಡಿದ್ದು ಹಸಿಯಿರುವಾಗಲೇ ಗೊತ್ತಾಗುತ್ತದೆ. ಬದಿಯ ಗೀರುಪಟ್ಟಿಗಳು ಹೊರಗೆ ಕಾಣದಂತೆ ಬಣ್ಣದ ಕಾಗದ ಸುತ್ತಿ. ತೆಗೆದ ಕಡ್ಡಿಗಳನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಳದ ಡಬ್ಬಿಗೆ ಹಾಕಿಡಿ.

ತಿಂಡಿ ಹಾಕುವವರು ಇದನ್ನು ಓದಿ

2012ರಲ್ಲಿ ಜರ್ಮನಿಯ ಗ್ರಾಹಕ ಪರೀಕ್ಷಾ ಸಂಸ್ಥೆ ಶ್ಟಿಫ್ಟುಂಗ್ ವಾರೆನ್‌ಟೆಸ್ಟ್ ಅಂಗಡಿಯ 24 ಚಾಕಲೇಟ್ ಕ್ಯಾಲೆಂಡರ್‌ಗಳನ್ನು ಪರೀಕ್ಷಿಸಿತು. ಎಲ್ಲದರ ಚಾಕಲೇಟಿನಲ್ಲೂ ಖನಿಜ ತೈಲದ ಅಂಶ ಸಿಕ್ಕಿತು. ಮರುಬಳಕೆಯ ರಟ್ಟು ಇಂಥ ತೈಲಕ್ಕೆ ಒಂದು ಮುಖ್ಯ ಮೂಲ. ಹಳೆಯ ಪತ್ರಿಕೆಗಳ ಶಾಯಿ ಅದರಲ್ಲಿ ಉಳಿದಿರುತ್ತದೆ, ಅಲ್ಲಿಂದ ತಿಂಡಿಗೆ ಸೇರುತ್ತದೆ. ಮನೆಯಲ್ಲಿ ಮಾಡುವಾಗಲೂ ಇದೇ ರಟ್ಟು, ಇದೇ ಕಾಗದವನ್ನೇ ನಾವು ಬಳಸುವುದು. ಹಾಗಾಗಿ ಬಿಸ್ಕತ್ತನ್ನಾಗಲಿ ಬಿಡಿ ಚಾಕಲೇಟನ್ನಾಗಲಿ ನೇರವಾಗಿ ಬೆಂಕಿಪೊಟ್ಟಣಕ್ಕೆ, ಕಂದು ಚೀಲಕ್ಕೆ ಹಾಕಬೇಡಿ. ಪತ್ರಿಕೆಯಲ್ಲಂತೂ ಸುತ್ತಲೇಬೇಡಿ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಬಂದ ಚಾಕಲೇಟ್ ಆದರೆ ಚಿಂತೆಯಿಲ್ಲ. ಸಿಪ್ಪೆ ಇರುವ ಅಕ್ರೋಟು, ಕಿತ್ತಳೆಗೂ ಅಂಥ ಭಯವಿಲ್ಲ. ಬಟ್ಟೆಯ ಜೇಬಿಗೆ ಇಲ್ಲೊಂದು ಅಂಕ ಜಾಸ್ತಿ. ಒಗೆದ ಕಾಟನ್ ಆದರೆ ಸಾಕು.

ಇನ್ನು ಚಾಕಲೇಟ್ ಕರಗುವುದು. ಹೊರಗೆ ಹಿಮ ಬೀಳುತ್ತಿರುವಾಗ ಚಾಕಲೇಟ್ ಹೇಗೆ ಕರಗೀತು ಅನ್ನಿಸಬಹುದು. ಜರ್ಮನಿಯ ಮನೆಗಳಲ್ಲಿ ಹೀಟರ್ ಇರುವುದು ಸಾಮಾನ್ಯವಾಗಿ ಕಿಟಕಿಯ ಕೆಳಗೆ. ಕ್ಯಾಲೆಂಡರ್ ತೂಗುಹಾಕಲು ಮನಸ್ಸು ಬರುವುದೂ ಕಿಟಕಿಗೇ. ಕೆಳಗಿನ ಎರಡು ಸಾಲಿನ ಚಾಕಲೇಟ್ ಮೆತ್ತಗಾಗಿ, ಆಮೇಲೆ ಗಟ್ಟಿಯಾದಾಗ ಮೇಲೆ ಬೂದಿಯಂಥ ಬಿಳಿ ಪದರ ಬರುತ್ತದೆ. ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದಿರುತ್ತದೆ. ತಿನ್ನಬಹುದು, ರುಚಿ ಮಾತ್ರ ಸಪ್ಪೆ. ಎದುರಿನ ಗೋಡೆಗೆ ಹಾಕಿದರೆ ಈ ರಗಳೆಯೇ ಇಲ್ಲ.

ಮಂಗಳೂರು, ಉಡುಪಿ ಕಡೆ ಇದನ್ನು ಮಾಡುವವರಿಗೆ ಲೆಕ್ಕ ಬೇರೆ. ಅಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನ ಸೆಕೆಯೇ. ಚಾಕಲೇಟ್ ಬಿಡಿ. ಕ್ರಿಸ್ಮಸ್‌ಗೆ ಹೇಗೂ ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳನ್ನು ಮಾಡುತ್ತಾರೆ. ಆದರೆ ಕಿಡಿಯೊ, ನೆವ್ರಿಯಂಥ ಎಣ್ಣೆಯಲ್ಲಿ ಕರಿದದ್ದು ಜೇಬಿಗೆ ಹೋದರೆ ಬಟ್ಟೆಗೆ ಕಲೆ, ಜೊತೆಗೆ ಇರುವೆಯ ಮೆರವಣಿಗೆ. ತಿಂಡಿಯನ್ನು ಡಬ್ಬಿಯಲ್ಲೇ ಇಟ್ಟು, ಜೇಬಿಗೆ ಅದರ ಚೀಟಿ ಹಾಕುವುದು ಜಾಣತನ. ‘ಇವತ್ತು ಡಬ್ಬಿಯಿಂದ ಎರಡು ಕಿಡಿಯೊ’ ಎಂದು ಬರೆದರೆ ಮಗು ಓಡಿಹೋಗಿ ಕೇಳುತ್ತದೆ, ಅಲ್ವಾ?

ಚೀಟಿಗಳನ್ನು ವಾರ ನೋಡಿ ಬರೆಯಿರಿ

24 ವಸ್ತು ಕೊಳ್ಳುವುದು ಯಾರಿಗೂ ಬೇಕಿಲ್ಲ. ಹಾಗಾಗಿ ಆರೇಳು ದಿನಕ್ಕಾದರೂ ಚೀಟಿ ಇರುತ್ತದೆ: ‘ಇಂದು ಒಟ್ಟಿಗೆ ಬಿಸ್ಕತ್ತು ಮಾಡೋಣ’, ‘ಕ್ರಿಸ್ಮಸ್ ಸಂತೆಗೆ ಹೋಗೋಣ’. ಚೀಟಿ ತೆಗೆಯುವುದು ಬೆಳಿಗ್ಗೆ ಏಳಕ್ಕೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ. ಮಂಗಳವಾರ ಬಿಸ್ಕತ್ತಿನ ಚೀಟಿ ಬಂದರೆ ಸಂಜೆ ಆಫೀಸಿನಿಂದ ಬಂದವರು ಮೈದಾ ಕಲಸಬೇಕು.

2026ನ್ನೇ ತೆಗೆದುಕೊಳ್ಳೋಣ. ಡಿಸೆಂಬರ್ 1 ಮಂಗಳವಾರ. ಅಂದು ಕೈಗೆ ಸಿಗುವಂಥದ್ದು ಇರಲಿ, ಮೊದಲ ದಿನವೇ ಚೀಟಿ ಬಂದರೆ ಸಣ್ಣ ಮಕ್ಕಳ ಮುಖ ಬಾಡುತ್ತದೆ. 4 ಶುಕ್ರವಾರ, ಸೇಂಟ್ ಬಾರ್ಬರಾ ದಿನ. ಅಂದು ಚೆರ್ರಿ ಮರದ ಕೊಂಬೆ ಕತ್ತರಿಸಿ ನೀರಿನಲ್ಲಿಡುವ ಪದ್ಧತಿ ಜರ್ಮನಿಯಲ್ಲಿದೆ. ಕ್ರಿಸ್ಮಸ್ ಹೊತ್ತಿಗೆ ಅದು ಹೂ ಬಿಡುತ್ತದೆ. ಐದು ನಿಮಿಷದ ಕೆಲಸ, ವಾರದ ದಿನಕ್ಕೂ ಆಗುತ್ತದೆ. ಬಿಸ್ಕತ್ತು, ಸಂತೆ ಇವೆಲ್ಲ 5, 12, 19ರ ಶನಿವಾರಗಳಿಗೆ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ, ಸಾಮಾನು ಬೇಕಾಗುವ ಚೀಟಿಯನ್ನು ಭಾನುವಾರಕ್ಕೆ ಹಾಕಬೇಡಿ. 6ರಂದು ನಿಕೋಲಸ್ ದಿನ. ಮಕ್ಕಳು ಹಿಂದಿನ ರಾತ್ರಿ ಬೂಟು ಹೊರಗಿಡುತ್ತಾರೆ, ಅದರಲ್ಲಿ ಅಕ್ರೋಟು, ಕಿತ್ತಳೆ, ಚಾಕಲೇಟ್ ಸಿಗುತ್ತದೆ. ಆ ದಿನದ ಜೇಬಿಗೆ ಸುಮ್ನೆ ಚಿಕ್ಕದೊಂದು ಸಾಕು.

ಮಕ್ಕಳು ಇಬ್ಬರಾದರೆ

ಎರಡು ಕ್ಯಾಲೆಂಡರ್ ಮಾಡಿದರೆ 48 ವಸ್ತು. ಬೇಡ. ಒಂದೇ ಕ್ಯಾಲೆಂಡರ್, ಒಬ್ಬರಿಗೆ ಬೆಸ ದಿನ, ಇನ್ನೊಬ್ಬರಿಗೆ ಸಮ ದಿನ ಎಂದು ಹಂಚುವುದು ಸುಲಭವಾಗಿ ಕಾಣುತ್ತದೆ. ಆದರೆ ಅದರಲ್ಲಿ ಒಂದು ಜಗಳ ಅಡಗಿದೆ. 6 ಮತ್ತು 24, ಮಕ್ಕಳು ಕಾಯುವ ಎರಡು ದಿನವೂ ಸಮ ಸಂಖ್ಯೆ. ಎರಡೂ ಒಬ್ಬರಿಗೇ ಹೋಗುತ್ತವೆ. ಆ ಎರಡು ದಿನವನ್ನು ಇಬ್ಬರಿಗೂ ಸೇರಿಸಿ ಕೊಡಿ. ಉಳಿದ 22ರಲ್ಲಿ ಬೆಸ 12, ಸಮ 10. 23ನ್ನು ಸಮದ ಮಗುವಿಗೆ ದಾಟಿಸಿದರೆ ಹನ್ನೊಂದು ಹನ್ನೊಂದು ಆಗುತ್ತದೆ. ಅಂಕಿಯ ಪಕ್ಕದಲ್ಲಿ ಒಬ್ಬರಿಗೆ ಕೆಂಪು, ಒಬ್ಬರಿಗೆ ಹಸಿರು ಗುಂಡಿ ಹಚ್ಚಿದರೆ ಅಂಕಿ ಬಾರದ ಮಗುವೂ ತನ್ನದನ್ನು ಗುರುತು ಹಿಡಿಯುತ್ತದೆ. ಬಟ್ಟೆಯದ್ದಾದರೆ ಗುಂಡಿಯನ್ನು ಹೊಲಿಯದೆ ಸೇಫ್ಟಿಪಿನ್ನಿನಲ್ಲಿ ಸಿಕ್ಕಿಸಿ. ಮುಂದಿನ ವರ್ಷ ಇಬ್ಬರ ದಿನಗಳನ್ನು ಅದಲುಬದಲು ಮಾಡಬೇಕಾಗುತ್ತದೆ, ಮಕ್ಕಳು ಅದನ್ನು ಮರೆಯುವುದಿಲ್ಲ.

ಒಂದೇ ಸಾಲಿನ ಉತ್ತರ ಬೇಕೆನ್ನುವವರಿಗೆ ನಾನು ಹೇಳುವುದು ಹೀಗೆ. ಮೂರು ನಾಲ್ಕು ವರ್ಷದ ಮಗು, ಮನೆಯಲ್ಲಿ ಹೊಲಿಗೆ ಯಂತ್ರ ಅಥವಾ ಪರಿಚಯದ ಟೈಲರ್ ಇದ್ದರೆ ನೆರಿಗೆಯ ಜೇಬಿನ ಬಟ್ಟೆ. ಈ ವರ್ಷಕ್ಕೆ ಮಾತ್ರ ಪ್ರಯೋಗ ಮಾಡಿ ನೋಡುವುದಾದರೆ ಕಾಗದದ ಚೀಲ. ಎಂಟು ಹತ್ತು ವರ್ಷದ, ಓದುವ ಚಟದ ಮಗುವಾದರೆ, ಮನೆಯಲ್ಲಿ ಬೇರೆ ಪುಟಾಣಿ ಇಲ್ಲದಿದ್ದರೆ, ಬೆಂಕಿಪೊಟ್ಟಣ. ಬಟ್ಟೆ ಹೊಲಿಯುವವರು ಅಕ್ಟೋಬರ್‌ನಲ್ಲೇ ಶುರು ಮಾಡಿ. ಕ್ಯಾನ್ವಾಸನ್ನು ಕತ್ತರಿಸುವ ಮೊದಲು ಒಂದು ಸಲ ನೀರಿಗೆ ಹಾಕಿ ಒಣಗಿಸಬೇಕು. ಇಲ್ಲದಿದ್ದರೆ ಜನವರಿಯ ಮೊದಲ ಒಗೆತಕ್ಕೆ ಹಿಂದಿನ ಬಟ್ಟೆ ಕುಗ್ಗಿ, ಜೇಬುಗಳೆಲ್ಲ ಸೊಟ್ಟಗಾಗುತ್ತವೆ.